ವಾರ್ಫರಿನ್ ಜೊತೆಗೆ ಹೆಪಾರಿನ್ ಇಂಜೆಕ್ಷನ್ ಯಾಕೆ?

ಪ್ರಶ್ನೆ: ಅಪ್ಪನ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಮಾತ್ರೆ ಶುರುವಾಗಿ ಮೂರನೇ ದಿನಕ್ಕೇ, ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆ ಎಂದು ತೋರಿಸುವ ಐಎನ್‌ಆರ್ 2.1 ಬಂದಿದೆ. ಆದರೂ ಹೊಟ್ಟೆಗೆ ಹೆಪಾರಿನ್ ಚುಚ್ಚುತ್ತಿದ್ದಾರೆ. ಇವು ಗಡ್ಡೆ ಕರಗಿಸುತ್ತವಾ?

ಉತ್ತರ: ಇಲ್ಲ, ಗಡ್ಡೆ ಕರಗಿಸುವುದು ದೇಹವೇ. ರಕ್ತದ ಥ್ರಾಂಬಿನ್ ಎಂಬ ಕಿಣ್ವ ಗಡ್ಡೆಯ ಫೈಬ್ರಿನ್ ಎಳೆಗಳ ಬಲೆ ಹೆಣೆಯುತ್ತದೆ, ಪ್ಲಾಸ್ಮಿನ್ ಎಂಬ ಇನ್ನೊಂದು ಕಿಣ್ವ ಅದನ್ನು ಕತ್ತರಿಸುತ್ತದೆ. ಈ ಔಷಧಿಗಳು ಹೆಣಿಗೆಯನ್ನಷ್ಟೇ ತಡೆಯುತ್ತವೆ. ಆಗ ವಾರ, ತಿಂಗಳುಗಳಲ್ಲಿ ಕತ್ತರಿಯ ಕೈ ಮೇಲಾಗುತ್ತದೆ.

ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನ್‌ಗಳಿಗೆ ಫ್ಯಾಕ್ಟರ್ ಎನ್ನುತ್ತಾರೆ. ಹೆಪಾರಿನ್ ರಕ್ತದಲ್ಲೇ ಇರುವ, ಹೆಪ್ಪುಗಟ್ಟುವಿಕೆ ತಡೆಯುವ ಆಂಟಿಥ್ರಾಂಬಿನ್‌ಗೆ ಬಲ ಕೊಟ್ಟು 10ನೇ ಫ್ಯಾಕ್ಟರ್‌ನ ಸಕ್ರಿಯ ರೂಪವಾದ 10ಎ ಮತ್ತು ಥ್ರಾಂಬಿನ್ ಅನ್ನು ಹಿಡಿಯುತ್ತದೆ. ಹಾಗಾಗಿ ಕೆಲವೇ ಗಂಟೆಗಳಲ್ಲಿ ಕೆಲಸ ಮಾಡುತ್ತದೆ. ವಾರ್ಫರಿನ್ ದಾರಿ ಬೇರೆ. ಅದು ಯಕೃತ್ತಿನಲ್ಲಿ ವಿಟಮಿನ್ ಕೆ ಬಳಕೆ ತಡೆದು 2, 7, 9, 10ನೇ ಫ್ಯಾಕ್ಟರ್‌ಗಳು ಹೊಸದಾಗಿ ಸರಿಯಾಗಿ ತಯಾರಾಗದಂತೆ ಮಾಡುತ್ತದೆ. ಆಗಲೇ ರಕ್ತದಲ್ಲಿರುವುದು ಸವೆದೇ ಹೋಗಬೇಕು.

ಮೂರನೇ ದಿನದ 2.1 ನಂಬಿ ಮೋಸಹೋಗುವುದು ಇಲ್ಲೇ. 7ನೇ ಫ್ಯಾಕ್ಟರ್ ಸುಮಾರು 6 ಗಂಟೆಗೆ ಅರ್ಧಕ್ಕಿಳಿಯುವುದರಿಂದ ಐಎನ್‌ಆರ್ ಬೇಗ ಏರುತ್ತದೆ. ಥ್ರಾಂಬಿನ್‌ನ ಮೂಲವಾದ 2ನೆಯದು ಅರ್ಧವಾಗಲು ಸುಮಾರು 60 ಗಂಟೆ ಬೇಕು. ಅಷ್ಟರೊಳಗೆ ಹೆಪ್ಪುಗಟ್ಟುವಿಕೆಗೆ ಕಡಿವಾಣ ಹಾಕುವ ಪ್ರೋಟೀನ್ ಸಿ ಕೂಡ ಕುಸಿದು, ಮೊದಲ ದಿನಗಳಲ್ಲಿ ಅಪಾಯ ಹೆಚ್ಚಬಹುದು. ಆದ್ದರಿಂದ ಕನಿಷ್ಠ 5 ದಿನ, ಜೊತೆಗೆ ಐಎನ್‌ಆರ್ 24 ಗಂಟೆ 2ಕ್ಕಿಂತ ಕೆಳಗಿಳಿಯದೆ ನಿಲ್ಲುವವರೆಗೆ ಇಂಜೆಕ್ಷನ್ ಬೇಕೇ ಬೇಕು.

ಹೊಸ ಮಾತ್ರೆಗಳು ನೇರವಾಗಿ ಹಿಡಿಯುತ್ತವೆ: ರಿವಾರೋಕ್ಸಬಾನ್, ಅಪಿಕ್ಸಬಾನ್ 10ಎಯನ್ನು, ಡಾಬಿಗಟ್ರಾನ್ ಥ್ರಾಂಬಿನ್ ಅನ್ನು. ಮೊದಲೆರಡಕ್ಕೆ ಇಂಜೆಕ್ಷನ್ ಜೊತೆ ಬೇಡ, ಡಾಬಿಗಟ್ರಾನ್‌ಗೆ ಮುಂಚೆ ಕನಿಷ್ಠ 5 ದಿನ ಹೆಪಾರಿನ್ ಕೊಡುತ್ತಾರೆ.

ಮಲ ಟಾರಿನಂತೆ ಕಪ್ಪಾದರೆ ಅಥವಾ ಮೂತ್ರ ಕೆಂಪಾದರೆ ಅದು ರಕ್ತಸ್ರಾವದ ಲಕ್ಷಣವಿರಬಹುದು, ಅದೇ ದಿನ ವೈದ್ಯರಿಗೆ ತೋರಿಸಿ.