ಅಂಬೆಗಾಲು ಬಿಡಿ, ಎಡಗೈ ನೋಡಿ

"ಮಗಳಿಗೆ 14 ತಿಂಗಳು. ದಿನ ತುಂಬೋಕ್ಕಿಂತ ಎರಡು ತಿಂಗಳು ಮೊದಲ ಹುಟ್ಟಿದಾಕಿ. ಅಂಬೆಗಾಲು ಹಾಕಲೇ ಇಲ್ಲ, ಕುಂತಲ್ಲೇ ಬಲಗೈ ಊರಿ ಸರೀತಾಳ. ಎಡಗೈ ಮುಷ್ಟಿ ಹಿಡಕೊಂಡಿರ್ತದ. ನಡಿಗಿ ಇನ್ನೂ ಬಂದಿಲ್ಲ. 'ಅವರಪ್ಪನೂ ತಡಾನ ನಡದಾನ, ಸುಮ್ಮನಿರು' ಅಂತಾರ ನಮ್ಮತ್ತಿ. ಕಾಯಲೇನ್ರಿ?"
— ಓದುಗರೊಬ್ಬರು, ರೋಣ

ನಿಮ್ಮ ಅತ್ತೆಯವರ ಮಾತಿನಲ್ಲಿ ಅರ್ಧ ಸತ್ಯವಿದೆ. ಬೇಗ ಹುಟ್ಟಿದ ಕೂಸಿನ ವಯಸ್ಸನ್ನು ಎರಡು ವರ್ಷ ತುಂಬುವವರೆಗೆ ಡಾಕ್ಟರು ಹೆರಿಗೆಗೆ ಕೊಟ್ಟಿದ್ದ ತಾರೀಖಿನಿಂದ ಎಣಿಸಬೇಕು. ಹಾಗೆ ನೋಡಿದರೆ ನಿಮ್ಮ ಮಗಳಿಗೆ 12 ತಿಂಗಳು. ವಿಶ್ವ ಆರೋಗ್ಯ ಸಂಸ್ಥೆ ಭಾರತವೂ ಸೇರಿ ಐದು ದೇಶಗಳ ಮಕ್ಕಳನ್ನು ಗಮನಿಸಿ 2006ರಲ್ಲಿ ಕೊಟ್ಟ ಲೆಕ್ಕದಲ್ಲಿ, ಸ್ವಂತ ನಡಿಗೆ 8 ತಿಂಗಳಿಗೂ ಬಂದೀತು, 17 ದಾಟಿಯೂ ಬಂದೀತು. ನೂರಕ್ಕೆ ನಾಲ್ಕು ಮಕ್ಕಳು ಅಂಬೆಗಾಲನ್ನೇ ಹಾಕಲಿಲ್ಲ. ನಡಿಗೆಗೂ ಅಂಬೆಗಾಲಿಗೂ ಈಗಲೇ ಗಾಬರಿ ಬೇಡ.

ಆದರೆ ತಾಯಿ, ಮೂರೇ ಪದದಲ್ಲಿ ಬರೆದು ಮುಂದೆ ಹೋದಿರಲ್ಲ, ಆ ಎಡಗೈ ಮುಷ್ಟಿ! ನನಗೆ ಬರುವ ಪತ್ರಗಳೆಲ್ಲ ಹೀಗೇ: 'ಎಷ್ಟನೇ ತಿಂಗಳಿಗೆ ಡಬ್ಬ ಬಿತ್ತು, ಎಷ್ಟನೇ ತಿಂಗಳಿಗೆ ಕೂತಿತು' ಎಂದು ಪುಟ ತುಂಬುತ್ತದೆ, ಹೇಗೆ ಕೂತಿತು ಎಂದು ಯಾರೂ ಬರೆಯುವುದಿಲ್ಲ. ವರ್ಷದ ಮಗು ಎರಡೂ ಕೈಯನ್ನು ಹೆಚ್ಚುಕಡಿಮೆ ಸಮನಾಗಿ ಬಳಸುತ್ತದೆ. ಇಷ್ಟು ಬೇಗ ಒಂದೇ ಕೈಯನ್ನು ನೆಚ್ಚಿಕೊಂಡರೆ ಆ ಕೈ ಜಾಣ ಎಂದಲ್ಲ, ಇನ್ನೊಂದು ಕೈಯಲ್ಲಿ ಬಲ ಕಡಿಮೆಯೋ ಬಿಗುವು ಜಾಸ್ತಿಯೋ ಎಂದು ಅನುಮಾನಿಸಬೇಕು. ದಿನ ತುಂಬದೆ ಹುಟ್ಟಿದ ಮಗುವಿನಲ್ಲಂತೂ ಮಿದುಳಿನ ಒಂದು ಭಾಗಕ್ಕೆ ಪೆಟ್ಟಾಗಿರಬಹುದೇ ಎಂದು ವೈದ್ಯರು ನೋಡಲೇಬೇಕು.

ಇವತ್ತೇ ಚಾಪೆಯ ಮೇಲೆ ಕೂರಿಸಿ. ಇಷ್ಟದ ಆಟಿಗೆಯನ್ನು ಎಡಕ್ಕೆ ಇಡಿ. ಎಡಗೈ ಚಾಚುತ್ತಾಳೋ, ಮೈ ತಿರುಗಿಸಿ ಬಲಗೈಯನ್ನೇ ತರುತ್ತಾಳೋ? ಹಿಡಿದುಕೊಂಡೇ ಮೆಲ್ಲಗೆ ಎಡಕ್ಕೆ ವಾಲಿಸಿದರೆ, ಬೀಳದಂತೆ ಎಡ ಅಂಗೈ ಬಿಚ್ಚಿ ಊರುತ್ತಾಳೋ? ಬಟ್ಟೆ ಬದಲಿಸುವಾಗ ಎಡ ಪಾದವೂ ಬಿಗಿಯಾಗಿದೆಯೋ? ಇದನ್ನೆಲ್ಲ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳಿ. ಆಸ್ಪತ್ರೆಯಲ್ಲಿ ಕೂಸು ಅಳುವುದೊಂದೇ ಮಾಡುತ್ತದೆ.

ಉತ್ತರ ಏನೇ ಬಂದರೂ ಈ ವಾರವೇ ಮಕ್ಕಳ ವೈದ್ಯರಿಗೆ ತೋರಿಸಿ. ಅಂಗನವಾಡಿಗೆ ತಪಾಸಣೆಗೆ ಬರುವ ವೈದ್ಯರ ತಂಡದವರೂ ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ಬೇಗ ಗುರುತಿಸಿ ಚಿಕಿತ್ಸೆ ಕೊಡುವ ಜಿಲ್ಲೆಯ ಸರ್ಕಾರಿ ಕೇಂದ್ರ ಡಿಇಐಸಿಗೆ ಚೀಟಿ ಬರೆದುಕೊಡುತ್ತಾರೆ. ಸ್ಕ್ಯಾನ್ ಆಗಲಿ, ರೋಗದ ಹೆಸರು ಗೊತ್ತಾಗಲಿ ಎಂದು ಫಿಸಿಯೋಥೆರಪಿ ಮುಂದೂಡಬೇಕಿಲ್ಲ. ಸೋತ ಕೈಗೆ ಈ ವಯಸ್ಸಿನಲ್ಲಿ ಕೊಟ್ಟ ಆಟ ಬೇಗ ಹತ್ತುತ್ತದೆ. ಕೈ ಹೀಗಿಲ್ಲದ ಮಕ್ಕಳಿಗೂ ಕಾಯಲು ಒಂದು ಗಡುವಿದೆ: 9 ತಿಂಗಳಿಗೆ ಆಸರೆಯಿಲ್ಲದೆ ಕೂರದಿದ್ದರೆ, 18ಕ್ಕೆ ನಡೆಯದಿದ್ದರೆ ತೋರಿಸಬೇಕು. ಬಂದ ವಿದ್ಯೆ ಮರೆತರೆ ಯಾವ ವಯಸ್ಸಾದರೂ ತಡಮಾಡಬಾರದು.

ಮತ್ತೆ ಆ ವಾಕರ್! ನೀವು ಬರೆದಿಲ್ಲ, ಆದರೂ ಮೊದಲ ಹುಟ್ಟುಹಬ್ಬಕ್ಕೆ ಯಾರಾದರೂ ಕೊಟ್ಟೇ ಇರುತ್ತಾರೆ. ಹುಬ್ಬಳ್ಳಿಯ ಅಂಗಡಿಗಳ ಮುಂದೆ ಬಣ್ಣಬಣ್ಣದವು ಸಾಲಾಗಿ ನಿಂತಿರುತ್ತವೆ. ಕೆನಡಾ 2004ರಲ್ಲೇ ಅದರ ಮಾರಾಟ ನಿಷೇಧಿಸಿತು, ನಾವು ರಿಬ್ಬನ್ ಕಟ್ಟಿ ಕೊಡುತ್ತೇವೆ. ಅದರಿಂದ ನಡಿಗೆ ಬೇಗ ಬರುವುದಿಲ್ಲ. ಅದರಲ್ಲಿ ಕೂತ ಕೂಸು ಯಾವ ಕಾಲಿನಿಂದ ತಳ್ಳುತ್ತದೆ ಎಂಬುದೂ ನಿಮಗೆ ಕಾಣುವುದಿಲ್ಲ. ಅಟ್ಟಕ್ಕೆ ಹಾಕಿ.