ಎರಡು ಬಿಸ್ಕೆಟ್ ಪ್ಯಾಕೆಟ್ ಹಿಡ್ಕೊಂಡು ಒಂದು ಸರ್ವಿಂಗಿಗೆ ಸಕ್ಕರೆ ಯಾವುದರಲ್ಲಿ ಕಮ್ಮಿ ಇದೆಯೋ ಅದನ್ನ ತಗೊಂಡ್ರೆ ಸಾಕಲ್ವಾ? ಮನೇಲಿ ಶುಗರ್ ಇರೋರಿದ್ದಾರೆ.

ಸಾಕಾಗಲ್ಲ. ನಾನೂ ಹಿಂಗೇ ನೋಡಿ ನಮ್ಮ ಅಪ್ಪಾಜಿಗೆ ಆರು ತಿಂಗಳು ತಪ್ಪು ಬಿಸ್ಕೆಟ್ ತಿನ್ನಿಸಿದೀನಿ, ಅದಕ್ಕೇ ಬರೀತಿದೀನಿ.

ನಮ್ಮದು ದಾವಣಗೆರೆ. ಅಪ್ಪಾಜಿಗೆ ಬೆಳಿಗ್ಗೆ ಸಂಜೆ ಎರಡೂ ಹೊತ್ತು ಚಾ ಜೊತೆ ನಾಲ್ಕು ಬಿಸ್ಕೆಟ್ ಬೇಕೇ ಬೇಕು. ಶುಗರ್ ಬಂದಿದೆ ಅಂತ ಗೊತ್ತಾದ ಮೇಲೆ ಅಂಗಡೀಲಿ ನಿಂತು ಎರಡು ಪ್ಯಾಕೆಟ್ ಓದಿದೆ. ದಪ್ಪ ಗೋಧಿ ಬಿಸ್ಕೆಟ್ ಮೇಲೆ ಸರ್ವಿಂಗಿಗೆ ಸಕ್ಕರೆ 3 ಗ್ರಾಂ ಅಂತಿತ್ತು, ತೆಳ್ಳನೆ ಮಾರಿ ಮೇಲೆ 6.6. ಅರ್ಧಕ್ಕಿಂತ ಕಮ್ಮಿ ಇದೆಯಲ್ಲ ಅಂತ ದಪ್ಪದ್ದೇ ತಂದೆ.

ನಾನು ನೋಡದೇ ಬಿಟ್ಟಿದ್ದು ಸರ್ವಿಂಗ್ ಅಂದ್ರೆ ಎಷ್ಟು ಅನ್ನೋದು. ದಪ್ಪದ್ದರಲ್ಲಿ ಸರ್ವಿಂಗ್ ಅಂದ್ರೆ ಒಂದೇ ಬಿಸ್ಕೆಟ್, 15 ಗ್ರಾಂ. ಮಾರಿಯಲ್ಲಿ ಐದು ಬಿಸ್ಕೆಟ್, 30 ಗ್ರಾಂ. ಸರ್ವಿಂಗ್ ಎಷ್ಟು ಅಂತ ಇಡೋದು ಕಂಪನಿನೇ, ನಮ್ಮ ಅಪ್ಪಾಜಿ ಅಲ್ಲವಲ್ಲ. 100 ಗ್ರಾಂ ಕಾಲಂ ನೋಡಿದ್ರೆ ಸಕ್ಕರೆ 20 ಮತ್ತೆ 22, ಹೆಚ್ಚುಕಮ್ಮಿ ಒಂದೇ, ಆದ್ರೆ ಕೊಬ್ಬು ದಪ್ಪದ್ದರಲ್ಲಿ 20, ಮಾರಿಯಲ್ಲಿ 11. ಇನ್ನು ನಾಲ್ಕು ದಪ್ಪ ಬಿಸ್ಕೆಟ್ ಅಂದ್ರೆ 60 ಗ್ರಾಂ, ಅದರಲ್ಲಿ ಸಕ್ಕರೆ 12 ಗ್ರಾಂ ಕೊಬ್ಬೂ 12 ಗ್ರಾಂ. ನಾಲ್ಕು ಮಾರಿ ಅಂದ್ರೆ 24 ಗ್ರಾಂ, ಸಕ್ಕರೆ 5 ಚಿಲ್ಲರೆ, ಕೊಬ್ಬು 3ರ ಒಳಗೇ. ಕಮ್ಮಿ ಅಂತ ತಂದಿದ್ದರಲ್ಲಿ ದಿನಕ್ಕೆ 24 ಗ್ರಾಂ ಸಕ್ಕರೆ ಹೋಗ್ತಿತ್ತು, ಲೇಬಲ್‌ನಲ್ಲಿ ಶೇಕಡಾ ಲೆಕ್ಕ ಹಾಕೋದು ದೊಡ್ಡವರಿಗೆ ದಿನಕ್ಕೆ 50 ಗ್ರಾಂ ಸೇರಿಸಿದ ಸಕ್ಕರೆ ಅಂತ ಇಟ್ಕೊಂಡು, ಅದರ ಅರ್ಧದ ಹತ್ತಿರ ಬರೀ ಬಿಸ್ಕೆಟಿಗೇ ಆಯ್ತು.

ಅದಕ್ಕೇ ಹೇಳೋದು, ಸರ್ವಿಂಗ್ ಕಾಲಂ ಬಿಟ್ಟುಬಿಡಿ. ಮೊದಲು 100 ಗ್ರಾಂ ಕಾಲಂ ಪಕ್ಕಪಕ್ಕ ಇಟ್ಟು ನೋಡಿ, ಆಮೇಲೆ ಪ್ಯಾಕೆಟ್ ತೂಕಾನ ಒಳಗಿರೋ ಬಿಸ್ಕೆಟ್ ಸಂಖ್ಯೆಯಿಂದ ಭಾಗಿಸಿ ಒಂದರ ತೂಕ ತೆಗೀರಿ, ನಿಮ್ಮ ಮನೇಲಿ ನಿಜವಾಗಿ ಎಷ್ಟು ತಿಂತಾರೋ ಅಷ್ಟಕ್ಕೆ ಗುಣಿಸಿ. ಉಪ್ಪು ಅಂತ ಹುಡುಕಬೇಡಿ, ಸೋಡಿಯಂ ಅಂತ ಮಿಲಿಗ್ರಾಂನಲ್ಲಿ ಇರುತ್ತೆ, ಅದನ್ನ ಎರಡೂವರೆಯಿಂದ ಗುಣಿಸಿದ್ರೆ ಉಪ್ಪು. ನಮ್ಮ ದಪ್ಪದ್ದರಲ್ಲಿ 100 ಗ್ರಾಂಗೆ 400 ಇತ್ತು, ಅಂದ್ರೆ 1 ಗ್ರಾಂ ಉಪ್ಪು. ಸಿಹಿ ಬಿಸ್ಕೆಟಲ್ಲಿ ಉಪ್ಪೆಲ್ಲಿಂದ ಅಂದ್ರೆ ಹಿಟ್ಟು ಉಬ್ಬೋಕೆ ಹಾಕೋ ಸೋಡಾದಲ್ಲೂ ಸೋಡಿಯಂ ಇದೆ.

ಇನ್ನೊಂದು ಮಾತು, ಶುಗರ್ ಇರೋರಿಗೆ ಸಕ್ಕರೆ ಸಾಲು ಒಂದನ್ನೇ ನೋಡೋದೇ ತಪ್ಪು. ಅದರ ಮೇಲಿನ ಕಾರ್ಬೋಹೈಡ್ರೇಟ್ ಸಾಲು ನೋಡಿ, ಮೈದಾನೂ ಹೊಟ್ಟೇಲಿ ಗ್ಲೂಕೋಸೇ ಆಗೋದು, ಸಕ್ಕರೆ ಹಾಕಿಲ್ಲ ಅಂತ ಬರೆದಿರೋದರಲ್ಲೂ ಅಷ್ಟೇ. ಅಪ್ಪಾಜಿಗೆ ಈಗ ಬೆಳಿಗ್ಗೆ ಎರಡು ಮಾರಿ ಮಾತ್ರ, ಸಂಜೆ ಚಾಕ್ಕೆ ಒಂದು ಹಿಡಿ ಹುರಿದ ಶೇಂಗಾ ಇಡ್ತೀವಿ.