ಹೆಂಡತಿಯ ಆಪರೇಷನ್‌ಗೆ ಎಷ್ಟು ದಿನ ರಜೆ ಕೇಳಬೇಕು?

ಈ ಪ್ರಶ್ನೆ ಹಿಡಿದು ನನ್ನ ಹತ್ತಿರ ಬಂದವರನ್ನು ರಮೇಶ್ ಅಂತ ಕರೆಯೋಣ. ಹೆಸರು ಮತ್ತು ಕೆಲವು ವಿವರ ಬದಲಿಸಿದ್ದೇನೆ, ಬರೆಯಲು ಅವರ ಒಪ್ಪಿಗೆ ಇದೆ. 14 ಜನರ ಪುಟ್ಟ ಕಂಪನಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುವವರು ಅವರೊಬ್ಬರೇ. ಹೆಂಡತಿಗೆ ಗರ್ಭಕೋಶದಲ್ಲಿ ಗೆಡ್ಡೆ. ತಿಂಗಳುಗಟ್ಟಲೆ ರಕ್ತ ಹೋಗಿ ಹಿಮೋಗ್ಲೋಬಿನ್ ಇಳಿದಿತ್ತು, ಕಬ್ಬಿಣದ ಇಂಜೆಕ್ಷನ್ ಕೊಟ್ಟು ಅದು ಏರಿದ ಮೇಲೆ ಡಾಕ್ಟರು 19ನೇ ತಾರೀಕು ಗೊತ್ತು ಮಾಡಿದ್ದರು.

ರಮೇಶ್ ನನ್ನ ಹತ್ತಿರ ಬಂದಿದ್ದು 6ಕ್ಕೆ. ಮಾಲೀಕರಿಗೆ ಇನ್ನೂ ಏನೂ ಹೇಳಿರಲಿಲ್ಲ. 20ಕ್ಕೆ ಕಂಪನಿಯ ತಿಂಗಳ ಜಿಎಸ್‌ಟಿ ಲೆಕ್ಕ, ಅಂದರೆ 3ಬಿ, ಸಲ್ಲಿಸುವ ಕೊನೆ ದಿನ, ಅದರ ಒಟಿಪಿ ಬರೋದು ಇವರ ಮೊಬೈಲ್‌ಗೇ. "ಒಂದು ದಿನ ಕೇಳ್ತೀನಿ ಮೇಡಂ, ಉಳಿದಿದ್ದು ನಾದಿನಿ ನೋಡ್ಕೋತಾಳೆ. ಇಲ್ಲಾಂದ್ರೆ ನನಗೇ ಜ್ವರ ಅಂತ ಹೇಳ್ಬಿಡ್ಲಾ? ಇಲ್ಲಾಂದ್ರೆ ಆಪರೇಷನ್ನೇ ಮುಂದಕ್ಕೆ ಹಾಕ್ಸಿದ್ರೆ?" ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಿದರು.

ಮೊದಲು ನಾನು ಕೇಳಿದ್ದು, ಇದನ್ನು ನಿಮ್ಮ ಮನೆಯವರ ಹತ್ತಿರ ಮಾತಾಡಿದ್ದೀರಾ ಅಂತ. ಇಲ್ಲ. ಅವತ್ತು ರಾತ್ರಿ ಮಾತಾಡಿದರು. ಆಕೆ ಎರಡೇ ಮಾತು ಹೇಳಿದರಂತೆ: ಥಿಯೇಟರ್‌ನಿಂದ ಹೊರಗೆ ಬಂದಾಗ ನೀವು ಅಲ್ಲಿರಬೇಕು, ಏನು ಆಪರೇಷನ್ ಅಂತ ಆಫೀಸಿನಲ್ಲಿ ಯಾರಿಗೂ ಗೊತ್ತಾಗಬಾರದು. ಆಪರೇಷನ್ ಮುಂದೂಡುವ ಮಾತು ಅಲ್ಲಿಗೇ ನಿಂತಿತು.

ಜ್ವರದ ಸುಳ್ಳು ಬೇಡವೇ ಬೇಡ ಅಂದೆ. ಗಂಡ ಅಥವಾ ಹೆಂಡತಿ ಆಸ್ಪತ್ರೆಯಲ್ಲಿದ್ದಾರೆ ಅಂತ ಖಾಸಗಿ ಕೆಲಸಗಾರರಿಗೆ ನಮ್ಮ ಕಾನೂನಿನಲ್ಲಿ ಪ್ರತ್ಯೇಕ ರಜೆ ಇಲ್ಲ. ಆದರೆ ಗಳಿಕೆ ರಜೆ ಇದೆ, ಕೆಲಸ ಮಾಡಿದ 20 ದಿನಕ್ಕೆ 1 ದಿನ. ಇವರ ಖಾತೆಯಲ್ಲಿ 11 ದಿನ ಹಾಗೇ ಬಿದ್ದಿತ್ತು, ಅದನ್ನು ನೋಡಿಯೇ ಇರಲಿಲ್ಲ!

ಆಮೇಲೆ ಒಂದು ಹಾಳೆ ತಗೊಂಡು ದಿನ ದಿನವಾಗಿ ಬರೆದೆವು. ಆಸ್ಪತ್ರೆಗೆ ಫೋನ್ ಮಾಡಿ ಕೇಳಿದಾಗ ಒಂದು ವಿಷಯ ತಿಳಿಯಿತು, ಹೆಂಗಸರ ವಾರ್ಡಿನಲ್ಲಿ ರಾತ್ರಿ ಗಂಡಸರು ಉಳಿಯುವಂತಿಲ್ಲ. ಅಂದರೆ ರಾತ್ರಿ ನಾದಿನಿಯೇ, ರಮೇಶ್ ಬೇಕಿರೋದು ಹಗಲಿಗೆ. 18 ಮಧ್ಯಾಹ್ನ ಅಡ್ಮಿಷನ್. 19 ಆಪರೇಷನ್. 20ಕ್ಕೆ ಮೂತ್ರದ ಕೊಳವೆ ತೆಗೆದು ಎಬ್ಬಿಸಿ ನಡೆಸುತ್ತಾರೆ, ನೋವು ಜಾಸ್ತಿ ಇರುವ ದಿನ. 21 ಅಷ್ಟು ಕಷ್ಟ ಇರಲ್ಲ. 22 ಡಿಸ್ಚಾರ್ಜ್, ವಿಮೆ ಕಂಪನಿಯ ಒಪ್ಪಿಗೆ ಬರುವ ತನಕ ಬಿಲ್ಲಿಂಗ್ ಮುಂದೆ ಗಂಟೆಗಟ್ಟಲೆ ಕಾಯಬೇಕು, ಕಾಗದಪತ್ರವೆಲ್ಲ ಇವರ ಹೆಸರಲ್ಲೇ ಇದೆ. ಒಟ್ಟು ನಾಲ್ಕೂವರೆ ದಿನ, ಮುಂದೆ ಹೊಲಿಗೆ ತೋರಿಸಲು ಒಂದು ಅರ್ಧ ದಿನ.

ಇನ್ನು ಜಿಎಸ್‌ಟಿ. ಖರೀದಿಯ 2ಬಿ ಪಟ್ಟಿ 14ಕ್ಕೆ ಪೋರ್ಟಲ್‌ನಲ್ಲಿ ಬರುತ್ತೆ, ಹಾಗಾಗಿ 16ಕ್ಕೇ 3ಬಿ ಸಲ್ಲಿಸಬಹುದು. ಆದರೆ ಮಾಲೀಕರು ತೆರಿಗೆ ದುಡ್ಡನ್ನು ನಾಲ್ಕು ದಿನ ಮುಂಚೆ ಹೊಂದಿಸಬೇಕು. ಇವರ ರಜೆಯಿಂದ ಅವರ ಮೇಲೆ ಬೀಳುವ ನಿಜವಾದ ಹೊರೆ ಅದೇ, ಅದನ್ನು ನೇರವಾಗಿ ಹೇಳಿ ಅಂದೆ. 7ಕ್ಕೆ ಎದುರು ಕೂತು ಮಾತಾಡಿ ಆಮೇಲೆ ಈ ಮೆಸೇಜ್ ಕಳಿಸಿದರು:

"ಸರ್, 19ಕ್ಕೆ ನನ್ನ ಹೆಂಡತಿಗೆ ಹೊಟ್ಟೆಯ ಆಪರೇಷನ್ ಇದೆ. 18 ಮಧ್ಯಾಹ್ನದಿಂದ 22ರವರೆಗೆ ಗಳಿಕೆ ರಜೆ ಬೇಕು. 3ಬಿ 16ಕ್ಕೇ ಸಲ್ಲಿಸುತ್ತೇನೆ, 15ರ ಸಂಜೆಯೊಳಗೆ ದುಡ್ಡು ಖಾತೆಯಲ್ಲಿದ್ದರೆ ಸಾಕು. ಡಿಸ್ಚಾರ್ಜ್ ತಡವಾದರೆ 22ರ ಬೆಳಿಗ್ಗೆಯೇ ತಿಳಿಸುತ್ತೇನೆ. 19ಕ್ಕೆ ಫೋನ್ ತೆಗೆಯಲು ಆಗಲ್ಲ, ಉಳಿದ ದಿನ ಸಂಜೆ 5ರ ಮೇಲೆ ಸಿಗುತ್ತೇನೆ."

ಮಾಲೀಕರು ಮೂರು ದಿನ ಸಾಕಲ್ವಾ ಅಂದರು. ಇದನ್ನು ನಾವು ಊಹಿಸಿದ್ದೆವು. 19, 20, 22 ಬಿಟ್ಟುಕೊಡಬೇಡಿ, 21ಕ್ಕೆ ಅರ್ಧ ದಿನ ಬರ್ತೀನಿ ಅನ್ನಿ ಅಂತ ಮೊದಲೇ ಹೇಳಿದ್ದೆ. ಅದಕ್ಕೆ ಅವರು ಒಪ್ಪಿದರು. ಯಾವ ಆಪರೇಷನ್ ಅಂತ ಒಬ್ಬರು ಕೇಳಿದರಂತೆ, ಹೊಟ್ಟೆದು ಅಂತಷ್ಟೇ ಹೇಳಿ ಇವರು ಮಾತು ಬದಲಿಸಿದರು.

21ರ ರಾತ್ರಿ ಆಕೆಗೆ ಜ್ವರ ಬಂತು, ಡಿಸ್ಚಾರ್ಜ್ 24ಕ್ಕೆ ಹೋಯಿತು. 22ರ ಬೆಳಿಗ್ಗೆ ರಮೇಶ್ ಒಂದು ಸಾಲು ಕಳಿಸಿದರು, ಇನ್ನೆರಡು ದಿನ ಸಿಕ್ಕಿತು. ಮನೆಗೆ ಬಂದ ಮೇಲೆ ಆರು ವಾರ ಆಕೆ ಬಿಂದಿಗೆ ಎತ್ತುವಂತಿರಲಿಲ್ಲ, ಅದಕ್ಕಾಗಿ ಬೆಳಿಗ್ಗೆ ಒಂದು ಗಂಟೆ ತಡವಾಗಿ ಬಂದು ಸಂಜೆ ಒಂದು ಗಂಟೆ ಜಾಸ್ತಿ ಕೂರಲು ಕೇಳಿಕೊಂಡರು. ರಜೆ ಮುಗಿದ ಮೇಲೆ ಕೇಳಿದ್ದರಿಂದ ಮಾಲೀಕರು ಸ್ವಲ್ಪ ಗೊಣಗಿದರು. ಅದನ್ನೂ 7ಕ್ಕೇ ಕೇಳಿಸಬೇಕಿತ್ತು, ನನಗೆ ಹೊಳೆಯಲಿಲ್ಲ.